ಮಂಗಟ್ಟೆ ಗೂಡಿನ ಜಾಗ ಯಾವ ಪ್ರತಿಯಿಂದ ಹೊರಬಿತ್ತು?

2024ರ ಮಾರ್ಚ್‌ನಲ್ಲಿ ವಿರಾಜಪೇಟೆ ಮತ್ತು ಸಿದ್ದಾಪುರದ ನಡುವಿನ ಒಂದು ರೋಬಸ್ಟಾ ಕಾಫಿ ತೋಟಕ್ಕೆ ಉದ್ದ ಲೆನ್ಸ್ ಹಿಡಿದ ಅಪರಿಚಿತರು ಬರತೊಡಗಿದರು. ಗೇಟಿನಲ್ಲಿ ಯಾರನ್ನೂ ಕೇಳಲಿಲ್ಲ. ಲೈನ್ ಮನೆಗಳ ಹಿಂದಿನ ದಾರಿ ಹಿಡಿದು ನೇರವಾಗಿ ತೋಟದ ಒಳಗೆ ನಡೆದರು. ಒಂದು ತಿರುವಿಗೆ ಬಂದು ನಿಂತು, ಮೊಬೈಲ್ ನೋಡಿ, ತಲೆ ಎತ್ತಿ ಸುತ್ತಲಿನ ಮರಗಳನ್ನು ಹುಡುಕಿದರು. ಅವರಿಗೆ ಬೇಕಿದ್ದದ್ದು ದೊಡ್ಡ ಮಂಗಟ್ಟೆಯ ಗೂಡು.

ಅದು ತೋಟದ ಅಂಚಿನ ಹಳೆಯ ತಾರೆ ಮರದ ಪೊಟರೆಯಲ್ಲಿತ್ತು. ಹೆಣ್ಣು ಹಕ್ಕಿ ಒಳಗೆ ಹೋಗಿ ಪೊಟರೆಯ ಬಾಯಿ ಮುಚ್ಚಿಕೊಂಡಿತ್ತು. ಈ ಹಕ್ಕಿಗಳ ಸಂಸಾರ ಗೊತ್ತಿರುವವರಿಗೆ ಇದರ ಅರ್ಥ ಗೊತ್ತು. ಹೆಣ್ಣು ವಾರಗಟ್ಟಲೆ ಹೊರಗೆ ಬರುವುದಿಲ್ಲ. ಒಂದು ಸಣ್ಣ ಸೀಳಿನಿಂದ ಗಂಡು ತಂದು ಕೊಡುವ ತಿನಿಸೇ ಅವಳಿಗೂ ಮರಿಗೂ ಊಟ. ಮರದ ಕೆಳಗೆ ಜನ ನಿಂತರೆ ಗಂಡು ಹತ್ತಿರ ಬರುವುದಿಲ್ಲ, ದೂರದ ಕೊಂಬೆಯಲ್ಲೇ ಕೂತುಬಿಡುತ್ತದೆ. ಜನ ಹೊತ್ತುಗಟ್ಟಲೆ ನಿಂತರೆ ಒಳಗಿರುವವರು ಉಪವಾಸ.

ಆ ತೋಟದ ಮಾಲೀಕರಾದ ಅಣ್ಣ ನನಗೆ ಹಳೆಯ ಪರಿಚಯ. ನಾನು ಮಡಿಕೇರಿಯಲ್ಲಿ ಫೋಟೋ ಲ್ಯಾಬ್ ನಡೆಸುತ್ತೇನೆ, ಜನರ ಫೋಟೋ ಫೈಲುಗಳನ್ನು ದಿನವೂ ತೆರೆದು ನೋಡುವ ಕೆಲಸ. ಅವರು ಫೋನ್ ಮಾಡಿದಾಗ ತುಂಬಾ ನೊಂದಿದ್ದರು. "ಫೇಸ್‌ಬುಕ್‌ನಲ್ಲಿ ಫೋಟೋ ಹಾಕಿದ್ದೆ, ಅದರಿಂದಲೇ ಜಾಗ ಗೊತ್ತಾಗಿದೆ. ಫೋಟೋದಲ್ಲಿ ಲೊಕೇಶನ್ ಇರುತ್ತಂತಲ್ಲ?" ಎಂದರು. ಅವರ ಅಕ್ಕನ ಮಗಳು ಬೆಂಗಳೂರಿನಲ್ಲಿದ್ದಾಳೆ. ಅವಳ ಮಾತು ಬೇರೆಯೇ. "ಅಪ್‌ಲೋಡ್ ಮಾಡಿದ ಮೇಲೆ ಲೊಕೇಶನ್ ಎಲ್ಲಾ ಹೋಗುತ್ತೆ ಮಾವ, ನಾನೇ ಚೆಕ್ ಮಾಡಿದ್ದೀನಿ."

ಇಬ್ಬರ ಮಾತೂ ಅರ್ಧ ಸರಿ. ಆ ಅರ್ಧದಲ್ಲೇ ಗೂಡಿನ ಜಾಗ ಹೊರಗೆ ಹೋಗಿತ್ತು. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಮತ್ತು ಜಾಗದ ಅಂಕಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಎರಡು ಫೋಟೋ, ಮೂರು ದಾರಿ

ಮೊದಲು ಕೇಳಿದ್ದು, ಒಟ್ಟು ಎಷ್ಟು ಫೋಟೋ ಹೊರಗೆ ಹೋಗಿವೆ, ಯಾವ ಯಾವ ದಾರಿಯಲ್ಲಿ ಹೋಗಿವೆ ಅಂತ. ಫೋಟೋಗಳು ಎರಡೇ. ಒಂದು, ಗಂಡು ಹಕ್ಕಿ ಹಣ್ಣು ಕೊಡುತ್ತಿರುವ ಹತ್ತಿರದ ಚಿತ್ರ. ಇದನ್ನು ಅಣ್ಣನ ಗೆಳೆಯರೊಬ್ಬರು ದೊಡ್ಡ ಕ್ಯಾಮೆರಾದಲ್ಲಿ ತೆಗೆದಿದ್ದರು. ಇನ್ನೊಂದು, ಇಡೀ ಮರ ಕಾಣುವ ದೂರದ ಚಿತ್ರ. ಅದನ್ನು ಅಣ್ಣನೇ ತಮ್ಮ ಆಂಡ್ರಾಯ್ಡ್ ಫೋನಿನಲ್ಲಿ ತೆಗೆದಿದ್ದರು.

ಎಲ್ಲರ ಗಮನ ಹಕ್ಕಿಯ ಚಿತ್ರದ ಮೇಲಿತ್ತು. ಆದರೆ ನನಗೆ ಮೊದಲಿನಿಂದಲೂ ಅನುಮಾನ ಇದ್ದದ್ದು ಮರದ ಚಿತ್ರದ ಮೇಲೆ. ದೊಡ್ಡ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ತಾನು ಎಲ್ಲಿದ್ದೇನೆ ಎಂದು ತಿಳಿಯುವ ಜಿಪಿಎಸ್ ಇರುವುದಿಲ್ಲ. ಫೋನಿಗೆ ಅದು ಇದ್ದೇ ಇರುತ್ತದೆ. ಕ್ಯಾಮೆರಾ ಆ್ಯಪ್‌ನಲ್ಲಿ ಲೊಕೇಶನ್ ಆನ್ ಇದ್ದರೆ ಪ್ರತಿ ಚಿತ್ರಕ್ಕೂ ಜಾಗ ಬರೆದು ಸೇರಿಸುತ್ತದೆ.

ಈ ಬರಹ ಇರುವುದು ಫೈಲಿನ ಒಳಗೆ, ಚಿತ್ರದ ಬಣ್ಣಗಳು ಶುರುವಾಗುವ ಮೊದಲು. ಇದಕ್ಕೆ ಎಕ್ಸಿಫ್ ಅಂತ ಹೆಸರು. ಡಿಜಿಟಲ್ ಕ್ಯಾಮೆರಾಗಳಿಗಾಗಿ ಜಪಾನಿನವರು 1995ರಲ್ಲಿ ಮಾಡಿದ ಒಪ್ಪಂದದ ಕ್ರಮ ಇದು. ಕ್ಯಾಮೆರಾದ ಕಂಪನಿ, ಮಾಡೆಲ್, ಲೆನ್ಸ್, ಶಟರ್, ಐಎಸ್‌ಒ, ತೆಗೆದ ದಿನ ಮತ್ತು ಸಮಯ, ಇದ್ದರೆ ಜಾಗ ಕೂಡ, ಎಲ್ಲ ಅಲ್ಲಿ ಕೂತಿರುತ್ತವೆ. ನಮ್ಮ ಲ್ಯಾಬಿಗೆ ಬರುವ ಹಳೆಯ ಪ್ರಿಂಟುಗಳ ಬೆನ್ನಿನಲ್ಲಿ "ಹುತ್ತರಿ, ಐನ್‌ಮನೆ ಮುಂದೆ" ಅಂತ ಪೆನ್ಸಿಲ್‌ನಲ್ಲಿ ಬರೆದಿರುತ್ತದಲ್ಲ, ಹಾಗೆ. ಪ್ರಿಂಟನ್ನೇ ಕೈಗೆ ಕೊಟ್ಟರೆ ಬೆನ್ನಿನ ಬರಹವೂ ಹೋಗುತ್ತದೆ. ಪ್ರಿಂಟಿನ ಮುಖವನ್ನು ಮಾತ್ರ ಮತ್ತೆ ಫೋಟೋ ಹೊಡೆದು ಕೊಟ್ಟರೆ ಬರಹ ಹಿಂದೆಯೇ ಉಳಿಯುತ್ತದೆ.

ಯಾವುದೇ ತಾಣಕ್ಕೆ ಫೋಟೋ ಹಾಕಿದಾಗ ನಡೆಯುವುದು ಇವೆರಡರಲ್ಲಿ ಒಂದು. ತಾಣ ನಮ್ಮ ಫೈಲನ್ನು ಇದ್ದ ಹಾಗೇ ಇಟ್ಟುಕೊಂಡು ಮುಂದೆ ಕೊಡುತ್ತದೆ, ಇಲ್ಲವೇ ಅದರಿಂದ ಹೊಸ ಚಿಕ್ಕ ಚಿತ್ರ ತಯಾರಿಸಿ ಅದನ್ನು ತೋರಿಸುತ್ತದೆ. ಹೊಸದಾಗಿ ತಯಾರಾದ ಚಿತ್ರದಲ್ಲಿ ಎಕ್ಸಿಫ್ ಸಾಮಾನ್ಯವಾಗಿ ಇರುವುದಿಲ್ಲ, ತಾಣದವರು ಬೇಕೆಂದೇ ನಕಲು ಮಾಡಿ ಸೇರಿಸಿದ್ದರೆ ಮಾತ್ರ ಇರುತ್ತದೆ. ತೊಂದರೆ ಏನೆಂದರೆ, ಎಷ್ಟೋ ತಾಣಗಳು ಎರಡನ್ನೂ ಮಾಡುತ್ತವೆ. ನೋಡಲು ಒಂದು ಪ್ರತಿ, ಡೌನ್‌ಲೋಡ್‌ಗೆ ಇನ್ನೊಂದು ಪ್ರತಿ. ಆದ್ದರಿಂದ "ಆ ತಾಣ ಲೊಕೇಶನ್ ತೆಗೆಯುತ್ತದಾ?" ಅಂತ ಕೇಳಿದರೆ ಸಾಲದು. ಯಾವ ಪ್ರತಿಯಿಂದ ಅಂತಲೂ ಕೇಳಬೇಕು.

ಅಣ್ಣನ ಫೋಟೋಗಳು ಹೋದ ದಾರಿ ಮೂರು. ಮನೆಯವರ ವಾಟ್ಸ್ಆ್ಯಪ್ ಗುಂಪು. ಫೇಸ್‌ಬುಕ್. ಮೂರನೆಯದು ಅಕ್ಕನ ಮಗಳು ಹಾಕಿದ ಒಂದು ಫೋಟೋ ತಾಣ, ಅದರ ಹೆಸರು ಇಲ್ಲಿ ಬೇಡ.

ಮೂಲ ಫೈಲಿನಲ್ಲಿ ಏನಿತ್ತು

ಮೊದಲು ಅಣ್ಣನ ಫೋನಿನಿಂದ ಮರದ ಚಿತ್ರವನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ತೆಗೆದುಕೊಂಡೆ. ಕೇಬಲ್ ಯಾಕೆಂದರೆ, ಬೇರೆ ಯಾವುದೇ ರೀತಿಯಲ್ಲಿ ಕಳಿಸಿದರೂ ದಾರಿಯಲ್ಲಿ ಏನಾದರೂ ಬದಲಾಗಿರಬಹುದು. ಮೂಲದಲ್ಲಿ ಏನಿತ್ತು ಅಂತ ಗೊತ್ತಿಲ್ಲದೆ ಆಮೇಲೆ ಏನು ಕಳೆದುಹೋಯಿತು ಅಂತ ಹೇಳಲಾಗದು. ನೋಡಲು ಬಳಸಿದ್ದು ಎಕ್ಸಿಫ್‌ಟೂಲ್. ಹಣ ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ.

```
exiftool -G1 -s mara.jpg
```

ಉದ್ದ ಪಟ್ಟಿ ಬಂತು. ನಮಗೆ ಬೇಕಾದದ್ದು ಈ ಸಾಲುಗಳು. ಅಂಕಿಗಳನ್ನು ನಾನು ಮುಚ್ಚಿದ್ದೇನೆ.

```
[ExifIFD] DateTimeOriginal : 2024:03:09 07:41:18
[GPS]     GPSLatitude      : 12 deg xx' xx.xx"
[GPS]     GPSLongitude     : 75 deg xx' xx.xx"
```

ಸೆಕೆಂಡಿನ ಜಾಗದಲ್ಲಿ ಬಿಂದುವಿನ ಆಚೆಗೂ ಎರಡು ಅಂಕಿ ಇರುವುದನ್ನು ನೋಡಿ. ಅಕ್ಷಾಂಶದ ಒಂದು ಸೆಕೆಂಡ್ ಅಂದರೆ ನೆಲದ ಮೇಲೆ ಸುಮಾರು 31 ಮೀಟರ್. ಅದರ ನೂರನೇ ಒಂದು ಭಾಗ ಒಂದು ಅಡಿಯಷ್ಟೇ. ಫೋನ್ ನಿಜವಾಗಿ ಅಷ್ಟು ನಿಖರ ಅಲ್ಲ. ಬಯಲಿನಲ್ಲಿ ಐದಾರು ಮೀಟರ್ ಆಚೀಚೆ ಆಗುತ್ತದೆ, ನೆರಳಿನ ಮರಗಳ ಕೆಳಗೆ ಇನ್ನೂ ಜಾಸ್ತಿ. ಆದರೂ ತೋಟದ ಯಾವ ದಾರಿ, ಯಾವ ತಿರುವು ಅಂತ ಹೇಳಲು ಅದು ಧಾರಾಳ ಸಾಕು.

ಈ ಅಂಕಿಗಳನ್ನು ನಕ್ಷೆಗೆ ಹಾಕಿದಾಗ ಮೊದಲ ಗಟ್ಟಿ ಸುಳಿವು ಸಿಕ್ಕಿತು. ಗುರುತು ಬಿದ್ದದ್ದು ಮರದ ಮೇಲೆ ಅಲ್ಲ. ಮರದಿಂದ ಒಂದಿಷ್ಟು ದೂರದ ದಾರಿಯ ತಿರುವಿನ ಮೇಲೆ. ಅಣ್ಣ ಆ ಬೆಳಗ್ಗೆ ನಿಂತು ಫೋಟೋ ತೆಗೆದದ್ದು ಅಲ್ಲಿಂದಲೇ. ಎಕ್ಸಿಫ್‌ನಲ್ಲಿ ದಾಖಲಾಗುವುದು ಕ್ಯಾಮೆರಾ ಇದ್ದ ಜಾಗ, ಎದುರಿಗೆ ಕಂಡ ವಸ್ತುವಿನ ಜಾಗ ಅಲ್ಲ. ಬಂದ ಅಪರಿಚಿತರು ಮೊಬೈಲ್ ನೋಡುತ್ತಾ ನಿಂತದ್ದೂ ಅದೇ ತಿರುವಿನಲ್ಲಿ. ಅಲ್ಲಿಂದ ಅವರಿಗೆ ಮರ ಯಾವುದು ಅಂತ ಗೊತ್ತಿರಲಿಲ್ಲ, ತಲೆ ಎತ್ತಿ ಹುಡುಕಬೇಕಾಯಿತು.

ಯಾರಾದರೂ ಊರಿನವರು ಬಾಯಿಮಾತಿನಲ್ಲಿ ದಾರಿ ಹೇಳಿದ್ದರೆ "ತಾರೆ ಮರದ ಹತ್ತಿರ ಹೋಗಿ" ಅನ್ನುತ್ತಿದ್ದರು. ಖಾಲಿ ತಿರುವಿನ ಗುರುತನ್ನು ಯಾರೂ ಹೇಳುವುದಿಲ್ಲ. ಅಣ್ಣನ ಫೇಸ್‌ಬುಕ್ ಪುಟದಲ್ಲಿ ಊರಿನ ಹೆಸರಿತ್ತು ನಿಜ, ಅದರಿಂದ ಊರಿನವರೆಗೆ ಬರಬಹುದು. ತೋಟದೊಳಗಿನ ಆ ತಿರುವಿಗೆ ಬರಲಾಗದು. ಹಾಗಾಗಿ ಜಾಗ ಹೊರಗೆ ಹೋದದ್ದು ಮರದ ಚಿತ್ರದ ಎಕ್ಸಿಫ್‌ನಿಂದಲೇ ಅನ್ನುವುದು ನನಗೆ ಖಚಿತವಾಯಿತು. ಇನ್ನು ಯಾವ ದಾರಿಯಲ್ಲಿ ಹೋಯಿತು ಅನ್ನುವುದು ಉಳಿಯಿತು.

ವಾಟ್ಸ್ಆ್ಯಪ್ ಗುಂಪು

ಇಲ್ಲಿ ಬಹಳ ಜನ ತಪ್ಪಾಗಿ ಪರೀಕ್ಷೆ ಮಾಡುತ್ತಾರೆ. ಫೋಟೋ ಕಳಿಸಿ, ತಮ್ಮದೇ ಫೋನಿನ ಗ್ಯಾಲರಿಯಲ್ಲಿ ಅದನ್ನು ತೆರೆದು, ಲೊಕೇಶನ್ ಕಂಡು ಗಾಬರಿಯಾಗುತ್ತಾರೆ. ಅವರು ನೋಡುತ್ತಿರುವುದು ತಮ್ಮ ಮೂಲ ಫೈಲನ್ನೇ. ನೋಡಬೇಕಾದದ್ದು ಇನ್ನೊಬ್ಬರ ಫೋನಿಗೆ ಬಂದು ಬಿದ್ದ ಫೈಲನ್ನು.

ಗುಂಪಿನಲ್ಲಿದ್ದ ಅಣ್ಣನ ತಮ್ಮನ ಫೋನಿನಿಂದ ಫೈಲು ತರಿಸಿದೆ, ಮತ್ತೆ ಕೇಬಲ್ ಹಾಕಿಯೇ. ಅದರ ಹೆಸರೇ ಬದಲಾಗಿತ್ತು. `IMG-20240309-WA0012.jpg` ಅಂತ. ಮೂಲ 4000 ಅಗಲ 3000 ಎತ್ತರದ ಪಿಕ್ಸೆಲ್‌ಗಳದ್ದು, 4 ಎಂಬಿಗಿಂತ ಜಾಸ್ತಿ. ಇದು 1600ಕ್ಕೆ 1200, ಕೆಲವು ನೂರು ಕೆಬಿ ಅಷ್ಟೇ. ಗಾತ್ರ ಹೀಗೆ ಇಳಿದಿದ್ದರೆ ಹೊಸ ಚಿತ್ರ ತಯಾರಾಗಿದೆ ಅಂತಲೇ ಅರ್ಥ. ಎಕ್ಸಿಫ್‌ಟೂಲ್ ಓಡಿಸಿದರೆ ಜಾಗ ಇಲ್ಲ, ಕ್ಯಾಮೆರಾ ಮಾಡೆಲ್ ಇಲ್ಲ, ತೆಗೆದ ಸಮಯವೂ ಇಲ್ಲ. ಫೈಲಿನ ಹೆಸರಿನಲ್ಲಿ ಕಾಣುವ ದಿನಾಂಕ ವಾಟ್ಸ್ಆ್ಯಪ್ ಕೊಟ್ಟದ್ದು. ಫೋಟೋ ತೆಗೆದ ದಿನ ಬೇರೆ ಇದ್ದರೂ ಅಲ್ಲಿ ಅದು ತಿಳಿಯುವುದಿಲ್ಲ.

ಸರಿ, ಗುಂಪು ಕಾರಣ ಅಲ್ಲ. ಆದರೆ ಅಲ್ಲೇ ಕೆಳಗೆ ಇನ್ನೊಂದು ಮಾತುಕತೆ ಇತ್ತು. ಅಕ್ಕನ ಮಗಳು ಬರೆದಿದ್ದಳು, "ಮಾವ, ಇದರ ಕ್ವಾಲಿಟಿ ಹೋಗಿದೆ. ನನಗೆ ಬೇರೆಯಾಗಿ ಡಾಕ್ಯುಮೆಂಟ್ ಮಾಡಿ ಕಳಿಸಿ." ಅಣ್ಣ ಹಾಗೇ ಮಾಡಿದ್ದರು. ಅವಳ ಹತ್ತಿರವಿದ್ದ ಆ ಪ್ರತಿಯನ್ನು ತರಿಸಿ ನೋಡಿದರೆ, ಗಾತ್ರ ಮೂಲದಷ್ಟೇ, ಹೆಸರು ಮೂಲದ್ದೇ, ಜಾಗದ ಸಾಲುಗಳು ಒಂದು ಅಂಕಿಯೂ ಬದಲಾಗದೆ ಹಾಗೇ ಇದ್ದವು. ಡಾಕ್ಯುಮೆಂಟ್ ಆಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಫೋಟೋ ಅಂತ ನೋಡುವುದೇ ಇಲ್ಲ, ಫೈಲನ್ನು ಫೈಲಾಗಿ ಸಾಗಿಸುತ್ತದೆ. ಟೆಲಿಗ್ರಾಂನಲ್ಲಿ ಫೈಲ್ ಆಗಿ ಕಳಿಸಿದರೂ, ಇಮೇಲ್‌ಗೆ ಲಗತ್ತಿಸಿದರೂ, ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಟ್ಟರೂ ಇದೇ ಕಥೆ.

ಇದರಲ್ಲಿ ಯಾರ ದೋಷವೂ ಇಲ್ಲ. ಹುಡುಗಿ ಕೇಳಿದ್ದು ಒಳ್ಳೆಯ ಚಿತ್ರ. ಗುಣಮಟ್ಟ ಉಳಿಸುವ ದಾರಿಗಳಲ್ಲೇ ಎಕ್ಸಿಫ್ ಕೂಡ ಉಳಿಯುತ್ತದೆ, ಎರಡೂ ಒಟ್ಟಿಗೆ ಬರುತ್ತವೆ. ಇದು ನೆನಪಿನಲ್ಲಿದ್ದರೆ ಅರ್ಧ ಊಹೆಗಳು ತಾನಾಗಿಯೇ ಸರಿಯಾಗುತ್ತವೆ.

ಫೇಸ್‌ಬುಕ್

ಅಣ್ಣನ ಅನುಮಾನ ಇದರ ಮೇಲೆ ಇದ್ದದ್ದರಿಂದ ಜಾಗ್ರತೆಯಿಂದ ನೋಡಿದೆ. ಅವರ ಗೆಳೆಯರ ಪಟ್ಟಿಯಲ್ಲಿಲ್ಲದ ಬೇರೊಂದು ಖಾತೆಯಿಂದ ಒಳಗೆ ಹೋಗಿ, ಎರಡೂ ಚಿತ್ರಗಳನ್ನು ಡೌನ್‌ಲೋಡ್ ಮಾಡಿದೆ. ಜಾಗ ಇರಲಿಲ್ಲ, ಕ್ಯಾಮೆರಾ ವಿವರ ಇರಲಿಲ್ಲ. ಒಂದು ಹೊಸ ಸಾಲು ಮಾತ್ರ ಇತ್ತು. `SpecialInstructions` ಅನ್ನುವ ಜಾಗದಲ್ಲಿ `FBMD` ಎಂದು ಶುರುವಾಗುವ ಉದ್ದದ ಅಕ್ಷರಮಾಲೆ. ಇದು ಫೇಸ್‌ಬುಕ್ ತಾನೇ ಹಾಕುವ ಗುರುತು. ನಮಗೆ ಇದರಿಂದ ಒಂದು ಉಪಯೋಗ ಇದೆ. ಯಾವುದೋ ಚಿತ್ರದಲ್ಲಿ ಇದು ಕಂಡರೆ ಆ ಪ್ರತಿ ಬಹುಶಃ ಫೇಸ್‌ಬುಕ್ ಮೂಲಕ ಬಂದದ್ದು ಅಂತ ಹೇಳಬಹುದು.

ಅಂದರೆ ಫೇಸ್‌ಬುಕ್‌ನಲ್ಲಿ ಆ ಫೋಟೋ ನೋಡಿದ ಅಪರಿಚಿತರಿಗೆ ಜಾಗ ಸಿಗಲು ಸಾಧ್ಯವಿರಲಿಲ್ಲ. ಇನ್‌ಸ್ಟಾಗ್ರಾಂ ಮತ್ತು ಎಕ್ಸ್ ಕೂಡ ತೋರಿಸುವ ಚಿತ್ರದಿಂದ ಜಾಗವನ್ನು ತೆಗೆಯುತ್ತವೆ. ಆದರೆ ಇಲ್ಲಿ ಅಣ್ಣನಿಗೆ ಒಂದು ವ್ಯತ್ಯಾಸ ಬಿಡಿಸಿ ಹೇಳಬೇಕಾಯಿತು. ನೋಡುವವರಿಗೆ ಸಿಗುವುದಿಲ್ಲ ಅಂದರೆ ಕಂಪನಿಗೆ ಸಿಗಲಿಲ್ಲ ಅಂತ ಅಲ್ಲ. ಫೈಲು ಅವರ ಸರ್ವರ್‌ಗೆ ಹೋದ ಮೇಲೆಯೇ ಹೊಸ ಚಿತ್ರ ತಯಾರಾಗುವುದಾದರೆ, ಅದರೊಳಗೆ ಇದ್ದದ್ದನ್ನು ಅವರು ಓದಬಹುದು. ಫೋಟೋ ಜೊತೆ ಬರುವ ಇಂಥ ವಿವರಗಳನ್ನು ಸಂಗ್ರಹಿಸುವುದಾಗಿ ಮೆಟಾ ಕಂಪನಿಯ ಗೋಪ್ಯತಾ ನೀತಿಯಲ್ಲೇ ಬರೆದಿದೆ. ಗೂಡಿನ ಹತ್ತಿರ ಬಂದ ಜನರ ವಿಷಯಕ್ಕೆ ಇದು ಸಂಬಂಧಪಡುವುದಿಲ್ಲ, ಆದರೆ ಎರಡನ್ನೂ ಒಂದೇ ಅಂತ ತಿಳಿಯಬಾರದು.

ಫೋಟೋ ತಾಣ: ನೋಡುವ ಪ್ರತಿ, ಇಳಿಸುವ ಪ್ರತಿ

ಅಕ್ಕನ ಮಗಳು ಡಾಕ್ಯುಮೆಂಟ್ ಆಗಿ ಬಂದ ಮರದ ಚಿತ್ರವನ್ನು, ಜೊತೆಗೆ ಹಕ್ಕಿಯ ಚಿತ್ರವನ್ನು, ಲ್ಯಾಪ್‌ಟಾಪ್‌ನಿಂದ ಆ ತಾಣಕ್ಕೆ ಹಾಕಿದ್ದಳು. ಅವಳು ಅಜಾಗ್ರತೆಯ ಹುಡುಗಿ ಅಲ್ಲ. ಅಪ್‌ಲೋಡ್ ಮಾಡುವಾಗ ನಕ್ಷೆಯಲ್ಲಿ ಜಾಗ ತೋರಿಸಬೇಡ ಅನ್ನುವ ಆಯ್ಕೆ ಒತ್ತಿದ್ದಳು. ಆಮೇಲೆ ಪುಟ ತೆರೆದು, ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಉಳಿಸಿಕೊಂಡು, ಆ ಫೈಲಿನ ವಿವರ ನೋಡಿದ್ದಳು. ಜಾಗ ಇರಲಿಲ್ಲ. ಅದಕ್ಕೇ ಅಷ್ಟು ಧೈರ್ಯದಿಂದ "ನಾನೇ ಚೆಕ್ ಮಾಡಿದ್ದೀನಿ" ಅಂದದ್ದು.

ಅವಳ ಪರೀಕ್ಷೆಯನ್ನು ನಾನೂ ಹಾಗೇ ಮಾಡಿದೆ, ಅದೇ ಫಲ ಬಂತು. ರೈಟ್ ಕ್ಲಿಕ್ ಮಾಡಿ ಸಿಕ್ಕಿದ್ದು 1024 ಪಿಕ್ಸೆಲ್ ಅಗಲದ ಚಿತ್ರ. ಪುಟದಲ್ಲಿ ಬೇಗ ತೆರೆದುಕೊಳ್ಳಲಿ ಅಂತ ತಾಣ ತಯಾರಿಸಿದ ಪ್ರತಿ ಅದು. ಅದರಲ್ಲಿ ಎಕ್ಸಿಫ್ ಇರಲಿಲ್ಲ. ಅದರ ಪಕ್ಕದಲ್ಲೇ ಡೌನ್‌ಲೋಡ್ ಗುಂಡಿ ಇತ್ತು. ಒತ್ತಿದರೆ ಸಣ್ಣದು, ಮಧ್ಯಮ, ದೊಡ್ಡದು, ಮೂಲ ಗಾತ್ರ ಅಂತ ಆಯ್ಕೆಗಳು. ಮೊದಲ ಮೂರರಲ್ಲೂ ಜಾಗ ಇಲ್ಲ. ಮೂಲ ಗಾತ್ರ ಇಳಿಸಿಕೊಂಡರೆ 4000ಕ್ಕೆ 3000, ಅಣ್ಣನ ಫೋನಿನಲ್ಲಿದ್ದ ಫೈಲೇ ಅದು. ಜಾಗ, ಸಮಯ, ಫೋನಿನ ಮಾಡೆಲ್ ಎಲ್ಲ ಜೊತೆಗಿತ್ತು. ಖಾತೆ ಇಲ್ಲದೆ, ಲಾಗಿನ್ ಆಗದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು.

ನಕ್ಷೆ ಅಡಗಿಸುವ ಆಯ್ಕೆ ಮಾಡಿದ್ದು ಏನು ಹಾಗಾದರೆ? ತಾಣದ ಪುಟದಲ್ಲಿ ನಕ್ಷೆ ತೋರಿಸುವುದನ್ನು ನಿಲ್ಲಿಸಿತ್ತು, ಅಷ್ಟೇ. ಫೈಲಿನ ಒಳಗೆ ಕೈ ಹಾಕಿರಲಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಬೇಸರ ತಂದದ್ದು ಇದೇ. ಜಾಗ್ರತೆ ಮಾಡಿದವರಿಗೇ ಅದು ಸುಳ್ಳು ಧೈರ್ಯ ಕೊಡುತ್ತದೆ. ಅಂಥ ಆಯ್ಕೆಯ ಪಕ್ಕದಲ್ಲಿ, ಮೂಲ ಫೈಲಿನಲ್ಲಿ ಜಾಗ ಉಳಿದಿರುತ್ತದೆ ಅಂತ ಒಂದು ಸಾಲು ಬರೆಯುವುದು ಕಷ್ಟದ ಕೆಲಸವಲ್ಲ.

ಮೂಲ ಫೈಲನ್ನು ಕೊಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವಿಕಿಮೀಡಿಯ ಕಾಮನ್ಸ್ ಮೂಲ ಫೈಲನ್ನು ಎಕ್ಸಿಫ್ ಸಮೇತ ಇಟ್ಟುಕೊಳ್ಳುತ್ತದೆ, ಚಿತ್ರದ ಪುಟದ ಕೆಳಗೆ ಆ ವಿವರಗಳನ್ನು ಪಟ್ಟಿ ಮಾಡಿ ತೋರಿಸುತ್ತದೆ. ಅಲ್ಲಿ ಅದು ಬಚ್ಚಿಟ್ಟ ವಿಷಯ ಅಲ್ಲ, ತಾಣದ ಉದ್ದೇಶವೇ ಹಾಗಿದೆ. ಫ್ಲಿಕರ್‌ನಲ್ಲಿ ಕ್ಯಾಮೆರಾ, ಲೆನ್ಸ್, ಶಟರ್ ವಿವರ ಕಾಣುವುದನ್ನು ಫೋಟೋ ಕಲಿಯುವವರು ಇಷ್ಟಪಟ್ಟೇ ಬಳಸುತ್ತಾರೆ. ಹಾಕುವವರಿಗೆ ಮೊದಲೇ ಗೊತ್ತಿದ್ದರೆ ಸಾಕು.

ಇನ್ನೊಂದು ಪ್ರಯೋಗ ಮಾಡಿ ನೋಡಿದೆ, ಯಾಕೆಂದರೆ ಅಕ್ಕನ ಮಗಳು ಕೇಳಿದಳು, "ನಾನು ಫೋನಿನಿಂದ ಹಾಕಿದ್ದರೂ ಹೀಗೇ ಆಗುತ್ತಿತ್ತಾ?" ಗೂಡಿನ ಫೋಟೋ ಬೇಡ ಅಂತ ಮಡಿಕೇರಿಯ ರಾಜಾ ಸೀಟ್‌ನಲ್ಲಿ ಲೊಕೇಶನ್ ಆನ್ ಮಾಡಿ ಒಂದು ಚಿತ್ರ ತೆಗೆದು, ಅದನ್ನು ಬಳಸಿದೆವು. ಲ್ಯಾಪ್‌ಟಾಪ್‌ನಿಂದ ಹಾಕಿದಾಗ ಮೂಲ ಪ್ರತಿಯಲ್ಲಿ ಎಲ್ಲವೂ ಇತ್ತು. ಅವಳ ಫೋನಿನ ಬ್ರೌಸರ್‌ನಿಂದ ಹಾಕಿದಾಗ ಫೋನಿನ ಮಾಡೆಲ್ ಇತ್ತು, ಸಮಯ ಇತ್ತು, ಜಾಗ ಮಾತ್ರ ಇರಲಿಲ್ಲ.

ಇದು ತಾಣದ ಕೆಲಸ ಅಲ್ಲ, ಫೋನಿನ ಕೆಲಸ. ಆಂಡ್ರಾಯ್ಡ್ 10ರಿಂದ ಈಚೆಗೆ, ಫೋಟೋದೊಳಗಿನ ಜಾಗವನ್ನು ಓದಲು ಆ್ಯಪ್‌ಗೆ ಬೇರೆಯೇ ಅನುಮತಿ ಬೇಕು. ಅನುಮತಿ ಇಲ್ಲದ ಆ್ಯಪ್ ಫೋಟೋ ಕೇಳಿದರೆ ಆಂಡ್ರಾಯ್ಡ್ ಜಾಗವನ್ನು ಅಳಿಸಿದ ಪ್ರತಿ ಕೊಡುತ್ತದೆ. ಕಂಪ್ಯೂಟರಿನಲ್ಲಿ ಇಂಥ ಕಾವಲು ಇಲ್ಲ. ಅದಕ್ಕೇ ಒಂದೇ ತಾಣದ ಬಗ್ಗೆ ಒಬ್ಬರು "ಲೊಕೇಶನ್ ಹೋಗುತ್ತೆ" ಅಂತಲೂ ಇನ್ನೊಬ್ಬರು "ಹೋಗಲ್ಲ" ಅಂತಲೂ ಜಗಳ ಆಡುವುದು. ಇಬ್ಬರೂ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಆದರೆ ಇದನ್ನು ನಂಬಿ ಕೂರಬೇಡಿ. ಬೇರೆ ಆ್ಯಪ್‌ಗೆ ಆ ಅನುಮತಿ ಇದ್ದಿರಬಹುದು, ಫೈಲ್ ಆಯ್ಕೆ ಮಾಡುವ ರೀತಿ ಬದಲಾದರೂ ಫಲ ಬದಲಾಗಬಹುದು.

ಕೊನೆಗೆ ದೃಢಪಡಿಸಿದ್ದು ಬಂದವರಲ್ಲೇ ಒಬ್ಬರು. ಅಣ್ಣ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ, ಜಗಳ ಮಾಡದೆ, ಕಾಫಿ ಕೊಟ್ಟು ಕೇಳಿದ್ದರು. ಅವರು ಮುಚ್ಚುಮರೆ ಇಲ್ಲದೆ ಹೇಳಿದರಂತೆ. "ಒರಿಜಿನಲ್ ಡೌನ್‌ಲೋಡ್ ಮಾಡಿದೆ ಸಾರ್, ಅದರಲ್ಲೇ ಇತ್ತು. ನಮ್ಮ ಗುಂಪಿನಲ್ಲಿ ನಾನೇ ಕಳಿಸಿದೆ." ಗೂಡಿನ ಹತ್ತಿರ ನಿಂತರೆ ಏನಾಗುತ್ತದೆ ಅಂತ ಅಣ್ಣ ವಿವರಿಸಿದ ಮೇಲೆ ಕ್ಷಮೆ ಕೇಳಿ ಹೊರಟರು.

ಹಕ್ಕಿಯ ಚಿತ್ರದಲ್ಲಿ ಉಳಿದದ್ದು

ದೊಡ್ಡ ಕ್ಯಾಮೆರಾದ ಚಿತ್ರದಲ್ಲಿ ಜಾಗ ಇರಲಿಲ್ಲ, ನಾನು ಅಂದುಕೊಂಡ ಹಾಗೇ. ಆದರೆ ಮೂಲ ಪ್ರತಿಯಲ್ಲಿ `SerialNumber` ಅನ್ನುವ ಸಾಲು ಇತ್ತು, ಕ್ಯಾಮೆರಾದ ಕ್ರಮಸಂಖ್ಯೆ. ಒಂದು ಕ್ಯಾಮೆರಾಕ್ಕೆ ಒಂದೇ ಸಂಖ್ಯೆ. ಅದೇ ಕ್ಯಾಮೆರಾದಿಂದ ತೆಗೆದ ಬೇರೆ ಮೂಲ ಫೈಲುಗಳು ಎಲ್ಲಾದರೂ ಇದ್ದರೆ, ಹೆಸರು ಹಾಕದಿದ್ದರೂ, ಎರಡೂ ಒಬ್ಬರದ್ದೇ ಕ್ಯಾಮೆರಾ ಅಂತ ಹೊಂದಿಸಬಹುದು. ಕ್ಯಾಮೆರಾ ಕಳುವಾದವರಿಗೆ ಇದು ಉಪಕಾರ. ಹೆಸರು ಹೇಳದೆ ಫೋಟೋ ಹಾಕಬೇಕಾದವರಿಗೆ ಮಾತ್ರ ತೊಂದರೆ. ಈ ಪ್ರಕರಣದಲ್ಲಿ ಅದರಿಂದ ಏನೂ ಆಗಲಿಲ್ಲ.

ಮಾಡಿದ ರಿಪೇರಿ

ತಾಣದಿಂದ ಮರದ ಚಿತ್ರವನ್ನು ತೆಗೆಸಿದೆವು. ತೆಗೆಯುವ ಮೊದಲು ಮೂಲ ಪ್ರತಿಯ ನೇರ ವಿಳಾಸವನ್ನು ಬರೆದಿಟ್ಟುಕೊಂಡಿದ್ದೆ. ಅದು ಒಳ್ಳೆಯದಾಯಿತು. ಪುಟ ಹೋದ ಮೇಲೂ ಆ ನೇರ ವಿಳಾಸದಲ್ಲಿ ಫೈಲು ಸ್ವಲ್ಪ ಕಾಲ ಸಿಗುತ್ತಲೇ ಇತ್ತು. ಚಿತ್ರಗಳನ್ನು ಬೇಗ ತಲುಪಿಸಲು ತಾಣಗಳು ಬೇರೆ ಬೇರೆ ಊರಿನ ಸರ್ವರ್‌ಗಳಲ್ಲಿ ನಕಲು ಇಟ್ಟಿರುತ್ತವೆ, ಅಲ್ಲಿಂದ ಅಳಿಸಿಹೋಗಲು ಹೊತ್ತು ಹಿಡಿಯುತ್ತದೆ. ಆ ವಿಳಾಸ ಸತ್ತ ಮೇಲೆಯೇ ತೆಗೆದದ್ದು ಪೂರ್ತಿಯಾಯಿತು ಅಂತ ಒಪ್ಪಿಕೊಂಡೆ. ಆಗಲೇ ಇಳಿಸಿಕೊಂಡವರ ಹತ್ತಿರ ಇರುವುದನ್ನು ಯಾರೂ ಹಿಂದಕ್ಕೆ ತರಲಾಗದು. ಅದಕ್ಕೆ ಅಣ್ಣ ಆ ದಾರಿಗೆ ಅಡ್ಡ ಬಿದಿರು ಕಟ್ಟಿ, ಮರಿ ಹೊರಗೆ ಬರುವವರೆಗೆ ತೋಟದ ಕೆಲಸವನ್ನೂ ಆ ಕಡೆ ಮಾಡಿಸಲಿಲ್ಲ.

ಮತ್ತೆ ಹಾಕಬೇಕಾದ ಫೋಟೋಗಳಿಂದ ಜಾಗವನ್ನು ಹೀಗೆ ತೆಗೆದೆವು.

```
exiftool "-gps*=" mara.jpg
```

ಇದು ಜಾಗವನ್ನಷ್ಟೇ ಅಳಿಸುತ್ತದೆ, ಬೇರೆ ವಿವರ ಉಳಿಯುತ್ತವೆ, ಚಿತ್ರದ ಗುಣಮಟ್ಟ ಸ್ವಲ್ಪವೂ ಕಡಿಮೆಯಾಗುವುದಿಲ್ಲ. ಎಲ್ಲವನ್ನೂ ಅಳಿಸಲು `-all=` ಅಂತ ಇದೆ. ಆದರೆ ಅದರ ಜೊತೆಗೆ ಚಿತ್ರ ನೆಟ್ಟಗಿದೆಯೋ ಅಡ್ಡ ಇದೆಯೋ ಅನ್ನುವ ಸೂಚನೆಯೂ ಹೋಗುತ್ತದೆ, ಕೆಲವು ಫೋಟೋಗಳು ಮಗ್ಗುಲಾಗಿ ಬಿದ್ದ ಹಾಗೆ ಕಾಣುತ್ತವೆ. ನಮಗೆ ಬೇಕಿದ್ದದ್ದು ಜಾಗ ತೆಗೆಯುವುದು ಮಾತ್ರ, ಅದಕ್ಕೆ ಮೊದಲನೆಯದೇ ಸಾಕಾಯಿತು.

ಒಂದು ಎಚ್ಚರಿಕೆ. ಎಕ್ಸಿಫ್‌ಟೂಲ್ ಹಳೆಯ ಫೈಲನ್ನು ಅದೇ ಫೋಲ್ಡರ್‌ನಲ್ಲಿ `mara.jpg_original` ಎಂಬ ಹೆಸರಿನಲ್ಲಿ ಉಳಿಸುತ್ತದೆ. ಅದರಲ್ಲಿ ಜಾಗ ಹಾಗೇ ಇರುತ್ತದೆ. ಇಡೀ ಫೋಲ್ಡರನ್ನೇ ಯಾರಿಗಾದರೂ ಕಳಿಸಿದರೆ ಮಾಡಿದ ಕೆಲಸ ವ್ಯರ್ಥ. ಕಂಪ್ಯೂಟರ್ ಬೇಡ ಅನ್ನುವವರಿಗೆ ಐಫೋನ್‌ನಲ್ಲಿ ಶೇರ್ ಮಾಡುವಾಗ ಮೇಲ್ಗಡೆ ಆಯ್ಕೆಗಳು ಅಂತ ಇರುತ್ತದೆ, ಅದರಲ್ಲಿ ಲೊಕೇಶನ್ ಆಫ್ ಮಾಡಬಹುದು. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳ ಕ್ಯಾಮೆರಾ ಸೆಟ್ಟಿಂಗ್‌ನಲ್ಲೂ ಲೊಕೇಶನ್ ಆಫ್ ಮಾಡುವ ಆಯ್ಕೆ ಇದೆ. ಅದು ಮುಂದೆ ತೆಗೆಯುವ ಫೋಟೋಗಳಿಗೆ ಮಾತ್ರ, ಹಿಂದೆ ತೆಗೆದವುಗಳಲ್ಲಿ ಇದ್ದದ್ದು ಹಾಗೇ ಇರುತ್ತದೆ.

ಅಣ್ಣ ಕೋಪದಲ್ಲಿ ಫೋನಿನ ಲೊಕೇಶನ್ ಪೂರ್ತಿ ಆಫ್ ಮಾಡಿಬಿಡುತ್ತೇನೆ ಅಂದರು. ನಾನು ಬೇಡ ಅಂದೆ. ಅವರ ತೋಟಕ್ಕೆ ಆನೆ ಬರುತ್ತದೆ. ಬೇಲಿ ಮುರಿದಾಗ, ಕಾಫಿ ಗಿಡ ತುಳಿದಾಗ, ಪರಿಹಾರದ ಅರ್ಜಿಗೆ ಫೋಟೋ ತೆಗೆಯುತ್ತಾರೆ. ಅಲ್ಲಿ ಜಾಗ ಮತ್ತು ಸಮಯ ಫೈಲಿನಲ್ಲಿ ಇರುವುದೇ ಅವರಿಗೆ ಅನುಕೂಲ. ಆದರೆ ಆ ಫೋಟೋಗಳನ್ನು ಅವರು ಇಷ್ಟು ದಿನ ಕಳಿಸುತ್ತಿದ್ದದ್ದು ವಾಟ್ಸ್ಆ್ಯಪ್‌ನಲ್ಲಿ, ಮಾಮೂಲಿ ಫೋಟೋವಾಗಿ! ಗೂಡನ್ನು ಕಾಪಾಡಬಹುದಿದ್ದ ಆ ದಾರಿ, ಇಲ್ಲಿ ಅವರಿಗೆ ಬೇಕಾದ ವಿವರವನ್ನೇ ಅಳಿಸುತ್ತಿತ್ತು. ಈಗ ಅಂಥವನ್ನು ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ನಲ್ಲಿ ಕಳಿಸುತ್ತಾರೆ, ಮೂಲ ಫೈಲನ್ನು ಫೋನಿನಲ್ಲೂ ಇಟ್ಟುಕೊಳ್ಳುತ್ತಾರೆ. ಎಕ್ಸಿಫ್ ಅನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಅದೊಂದೇ ಪುರಾವೆ ಆಗುವುದಿಲ್ಲ, ಸ್ಥಳಕ್ಕೆ ಬಂದು ನೋಡಿದವರ ವರದಿ ಜೊತೆಗಿರಬೇಕು ಅಂತಲೂ ಹೇಳಿದೆ.

ಅಕ್ಕನ ಮಗಳು ಈಗ ಯಾವುದೇ ಹೊಸ ತಾಣಕ್ಕೆ ಹಾಕುವ ಮೊದಲು ರಾಜಾ ಸೀಟ್‌ನ ಅದೇ ಚಿತ್ರವನ್ನು ಹಾಕುತ್ತಾಳೆ. ಲಾಗಿನ್ ಆಗದ ಬ್ರೌಸರ್‌ನಿಂದ ಆ ಪುಟಕ್ಕೆ ಹೋಗಿ, ಸಿಗುವ ಪ್ರತಿಯೊಂದು ಗಾತ್ರವನ್ನೂ ಇಳಿಸಿಕೊಂಡು, ಎಲ್ಲದರ ಮೇಲೂ ಎಕ್ಸಿಫ್‌ಟೂಲ್ ಓಡಿಸಿ ನೋಡುತ್ತಾಳೆ.